ಹನ್ನೊಂದು ಭಯ್ಯಾಗಳು

ನನ್ನ ಅನ್ನ ಹುಟ್ಟುವುದೇ ಜೋಡಿ ಹಿಡಿಯುವುದರಿಂದ. ನೋಯ್ಡಾದ ಒಂದು ವಿಮಾ ಕಚೇರಿಯಲ್ಲಿ ಗ್ರಾಹಕರ ದಾಖಲೆ ಶುದ್ಧ ಮಾಡುವ ವಿಭಾಗದಲ್ಲಿದ್ದೇನೆ. ಒಬ್ಬನೇ ಮನುಷ್ಯ ಮೂರು ಕಡೆ ಮೂರು ಕಾಗುಣಿತದಲ್ಲಿ ಕೂತಿರುತ್ತಾನೆ, ಅವನನ್ನು ಒಟ್ಟುಗೂಡಿಸಬೇಕು. ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಹೆಸರಿನಲ್ಲಿ ಅಂಟಿಕೊಂಡಿರುತ್ತಾರೆ, ಅವರನ್ನು ಬಿಡಿಸಬೇಕು. ಈ ಕೆಲಸದಿಂದ ನನಗೊಂದು ಕೆಟ್ಟ ಚಾಳಿ ಅಂಟಿದೆ. ಯಾರ ಮನೆಯ ಸಾಂಬಾರ ಡಬ್ಬಿ ನೋಡಿದರೂ ಎರಡು ಕಡೆ ಜೀರಿಗೆ ಇದ್ದರೆ ಕೈ ತುರಿಸುತ್ತದೆ. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಾರೆ. ಅತ್ತೆ ಡಬ್ಬಿ ಮುಚ್ಚಿಡುತ್ತಾರೆ.

ಆ ಭಾನುವಾರ ಮಧ್ಯಾಹ್ನ ನನ್ನ ಕೈಗೆ ಸಿಕ್ಕಿದ್ದು ಅತ್ತೆಯ ಫೋನು. ಕಾರಣ ಸಣ್ಣದು. ಮಗನಿಗೆ ಫೋನ್ ಮಾಡಲು ಹೋಗಿ ಅವರು ಮೂರು ಸಲ ಅವನ ಹಳೆಯ ನಂಬರಿಗೆ ಮಾಡಿದ್ದರು. ತೆಗೆದು ನೋಡಿದರೆ ಒಳಗೆ ಸಂತೆ. ನನ್ನ ಗಂಡನೇ ನಾಲ್ಕು ಕಡೆ ಇದ್ದರು: ಒಂದು ಕಡೆ ನಂಬರಿನ ಮುಂದೆ ಸೊನ್ನೆ, ಒಂದು ಕಡೆ ಪ್ಲಸ್ ತೊಂಬತ್ತೊಂದು, ಒಂದು ಕಡೆ ಎಂದೋ ಬಿಟ್ಟ ಸಿಮ್ಮಿನ ನಂಬರು, ಇನ್ನೊಂದು ಕಡೆ ಬರೀ ಇಮೇಲ್. ನಾನು ಎರಡು ಕಡೆ. ಹೆಸರೇ ಇಲ್ಲದ, ನಂಬರು ಮಾತ್ರ ಇದ್ದವು ಮೂವತ್ತಕ್ಕಿಂತ ಹೆಚ್ಚು. ನಂಬರೇ ಇಲ್ಲದ, ಹೆಸರು ಮಾತ್ರ ಇದ್ದವು ಒಂದಷ್ಟು.

"ಅತ್ತೆ, ಇದನ್ನು ಸ್ವಲ್ಪ ಸರಿ ಮಾಡಿಕೊಡ್ತೀನಿ," ಅಂದೆ.

ಅವರು ನೆನೆಹಾಕಿದ ಒಣ ಅವರೆಕಾಳು ಹಿಸುಕುತ್ತಿದ್ದವರು ತಲೆ ಎತ್ತಿ, "ನಂಬರ್ ಯಾವುದೂ ಹೋಗಬಾರದು ನೋಡು," ಅಂದರು.

"ಒಂದೂ ಹೋಗಲ್ಲ."

ಆ ಮಾತನ್ನು ನಾನು ಉಳಿಸಿಕೊಂಡೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಒಂದು ನಂಬರೂ ಹೋಗಲಿಲ್ಲ. ಮೊದಲು ಇಡೀ ಪಟ್ಟಿಯನ್ನು ನನ್ನ ಕಂಪ್ಯೂಟರಿಗೆ ಇಳಿಸಿ ಒಂದು ಪ್ರತಿ ಇಟ್ಟುಕೊಂಡೆ, ಹೆಸರು ಒಂದು ಕಾಲಮ್ಮು, ನಂಬರು ಒಂದು ಕಾಲಮ್ಮು. ಮುಂದಿನ ಸೊನ್ನೆ, ಪ್ಲಸ್ಸು ಬಿಟ್ಟು ಕೊನೆಯ ಹತ್ತು ಅಂಕಿ ಹೋಲಿಸಿ ನೋಡಿ, ಒಂದೇ ಆಗಿದ್ದರೆ ಮಾತ್ರ ಒಂದು ಕಡೆ ಹಾಕಿದೆ. ಗಂಡನ ಹಳೆಯ ನಂಬರನ್ನು ಅಳಿಸಲಿಲ್ಲ, 'ಹಳೆಯದು' ಎಂದು ಗುರುತು ಹಾಕಿ ಕೆಳಗೆ ತಳ್ಳಿದೆ. ಹೆಸರಿಲ್ಲದ ನಂಬರುಗಳನ್ನು ಒಂದೊಂದಾಗಿ ಕರೆಗಳ ಪಟ್ಟಿಯಲ್ಲಿ ಹುಡುಕಿ, ಅತ್ತೆಯನ್ನು ಕೇಳಿ, ಗೊತ್ತಾದವಕ್ಕೆ ಹೆಸರು ಬರೆದೆ, ಗೊತ್ತಾಗದವನ್ನು ಮುಟ್ಟಲಿಲ್ಲ. ಬರೀ ಹೆಸರಿದ್ದ ಖಾಲಿ ನಮೂದುಗಳನ್ನು ಅಳಿಸಿದೆ. ಅವೂ ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಇರುತ್ತವೆ, ಬೇಕಾದರೆ ಎತ್ತಿಕೊಳ್ಳಬಹುದು. ಕಚೇರಿಯಲ್ಲಿ ಹೊಸಬರಿಗೆ ನಾನು ಕಲಿಸುವ ಕ್ರಮವೇ ಇದು. ನನಗೆ ನನ್ನ ಮೇಲೆ ಬಹಳ ಮೆಚ್ಚುಗೆ ಬಂದಿತ್ತು.

ಕೊನೆಗೆ ಉಳಿದದ್ದು ಭಯ್ಯಾ. ಇಂಗ್ಲಿಷ್ ಅಕ್ಷರದಲ್ಲಿ ಭಯ್ಯಾ, ಭಯ್ಯಾ, ಭಯ್ಯಾ ಎಂದು ಹನ್ನೊಂದು ನಮೂದು, ಹನ್ನೊಂದು ಬೇರೆ ಬೇರೆ ನಂಬರು. ಇದು ಅತ್ತೆಗೆ ಹೇಗೆ ಬಂತೆಂದು ನನಗೆ ಗೊತ್ತಿತ್ತು. ಅವರಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಫೋನಿನ ಕೀಲಿಮಣೆ ಇಂಗ್ಲಿಷಿನದು. ಎರಡು ಅಕ್ಷರ ಒತ್ತಿದರೆ ಫೋನು ತಾನಾಗಿಯೇ ಆ ಪದ ಮುಂದಿಡುತ್ತದೆ, ಅವರು ಅದನ್ನೇ ಒತ್ತುತ್ತಾರೆ. ಭಯ್ಯಾ ಅಂದರೆ ಅಣ್ಣ, ನಾವಿರುವ ದೆಹಲಿಯಲ್ಲಿ ತರಕಾರಿಯವನೂ ಭಯ್ಯಾ, ಗ್ಯಾಸಿನವನೂ ಭಯ್ಯಾ, ಲಿಫ್ಟಿನವನೂ ಭಯ್ಯಾ. ಒಂದೊಂದರ ಪಕ್ಕದಲ್ಲಿ ಗುಂಡಗೆ ಒಂದು ಪುಟ್ಟ ಚಿತ್ರವೂ ಇತ್ತು. ಒಂದು ಬಾಳೆಹಣ್ಣಿನ ಗಾಡಿ, ಒಂದು ನೀಲಿ ಕೊಡೆ, ಒಂದು ಕತ್ತರಿ, ಒಂದು ಕಬ್ಬಿಣದ ಗೇಟು. ಅವರ ಕೈ ತಪ್ಪಿ ಕ್ಯಾಮೆರಾ ಒತ್ತಿಹೋಗಿದೆ ಅಂದುಕೊಂಡೆ. ಹನ್ನೊಂದು ಸಲ ಕೈ ತಪ್ಪುತ್ತದೆಯೇ ಎಂದು ಯೋಚಿಸುವಷ್ಟು ಬುದ್ಧಿ ಆಗ ಬರಲಿಲ್ಲ.

ಆದರೂ ಕೇಳಿದೆ. ಕೇಳದೆ ಮಾಡಿದೆ ಎಂದು ಯಾರೂ ಹೇಳುವ ಹಾಗಿಲ್ಲ.

"ಅತ್ತೆ, ಈ ಭಯ್ಯಾಗಳೆಲ್ಲ ಯಾರು? ಒಬ್ಬನೇನಾ?"

ಅವರ ಕೈಯೊಳಗಿನ ಕಾಳು ಪುಳಕ್ಕೆಂದು ಹೊರಗೆ ಬಿತ್ತು. ಮಾವ ಅಲ್ಲೇ ಸೋಫಾದಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಅತ್ತೆ ಒಮ್ಮೆ ಆ ಕಡೆ ನೋಡಿ, "ಎಲ್ಲಾ ಒಂದೇ ಕಣಮ್ಮ, ಬಿಡು ಅತ್ಲಾಗೆ," ಅಂದರು.

ಬಿಡು ಅಂದರೆ ನಾನು ಬಿಡುವವಳೇ? ಎಲ್ಲಾ ಒಂದೇ ಅಂದಮೇಲೆ ಒಂದೇ. ಫೋನು ಆಗಲೇ 'ಇವು ಒಂದೇ ಹೆಸರಿನವು, ಸೇರಿಸಲೇ?' ಎಂದು ಕೇಳುತ್ತಿತ್ತು. ಸೇರಿಸು ಎಂದೆ. ಹನ್ನೊಂದು ಭಯ್ಯಾಗಳು ಹೋಗಿ ಒಬ್ಬ ಭಯ್ಯಾ ಆದ. ಅವನೊಳಗೆ ಒಂದರ ಕೆಳಗೊಂದು ಹನ್ನೊಂದು ನಂಬರು. ಚಿತ್ರ ಒಂದೇ ಉಳಿಯಿತು, ಬಾಳೆಹಣ್ಣಿನ ಗಾಡಿ.

ಸೋಮವಾರ ಮಾವನಿಗೆ ನೆಗಡಿ, ಮನೆಯಲ್ಲೇ ಇದ್ದರು. ಮಂಗಳವಾರ ಹನ್ನೆರಡು ಗಂಟೆಗೆ ಅತ್ತೆ ನನ್ನ ಕಚೇರಿಗೆ ಫೋನ್ ಮಾಡಿದರು. ನಾನು ಸೊಸೆಯಾಗಿ ಬಂದ ಈ ಹದಿನಾರು ವರ್ಷದಲ್ಲಿ ಅವರು ಕಚೇರಿಯ ಹೊತ್ತಿನಲ್ಲಿ ನನಗೆ ಫೋನ್ ಮಾಡಿದ್ದು ಎರಡೋ ಮೂರೋ ಸಲ.

"ನನ್ನ ಭಯ್ಯಾಗಳೆಲ್ಲ ಎಲ್ಲಿ ಹೋದರು?" ಅಂದರು.

ನನಗೆ ಸಿಟ್ಟು ಬಂತು. ತಿಂಗಳ ಕೊನೆ, ಮೇಲಿನವರು ತಲೆಯ ಮೇಲೆ ಕೂತಿದ್ದಾರೆ, ಇವರಿಗೆ ತರಕಾರಿ ಭಯ್ಯಾ ಬೇಕಂತೆ. "ಎಲ್ಲೂ ಹೋಗಿಲ್ಲ ಅತ್ತೆ. ಭಯ್ಯಾ ಅಂತ ಒಂದೇ ಇದೆ ನೋಡಿ, ಅದನ್ನು ಒತ್ತಿ. ಒಳಗೆ ಹನ್ನೊಂದು ನಂಬರ್ ಇದೆ. ಒಂದೂ ಹೋಗಿಲ್ಲ."

"ನಂಬರ್ ಕಾಣ್ತಾ ಇದೆ. ಯಾವುದು ಯಾರದ್ದು?"

"ಎಲ್ಲಾ ಒಂದೇ ಅಂದ್ರಲ್ಲ ನೀವೇ."

"ಇವರು ಇನ್ನೂ ಬಂದಿಲ್ಲ ಕಣೇ," ಅಂದರು.

ಇವರು ಅಂದರೆ ಮಾವ. ಎಂಬತ್ತಕ್ಕೆ ಹತ್ತಿರ ಬಂದ ವಯಸ್ಸು, ಕೊಡಗಿನವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ದಿನಾ ಹತ್ತಕ್ಕೆ ಹೊರಟು, ಪಾರ್ಕು ಸುತ್ತಿ, ಮೆಟ್ರೋ ಸ್ಟೇಷನ್ನಿನವರೆಗೆ ನಡೆದು, ಹನ್ನೊಂದಕ್ಕೆ ಮನೆ ಸೇರುತ್ತಾರೆ. ಗಡಿಯಾರ ತಪ್ಪಿದರೂ ಅವರು ತಪ್ಪುವುದಿಲ್ಲ ಎಂದು ನಾವೆಲ್ಲ ಹೊಗಳುವುದು. ಒಂದು ಗಂಟೆ ತಡವಾದರೆ ಏನಂತೆ, ಯಾರೋ ಸಿಕ್ಕಿರಬೇಕು ಅಂದೆ.

"ನಿನಗೆ ಗೊತ್ತಿಲ್ಲ," ಅಂದರು ಅತ್ತೆ. "ಇವರಿಗೆ ದಾರಿ ಮರೆಯುತ್ತೆ."

"ಯಾವಾಗಿಂದ?"

"ಹೋದ ವರ್ಷದ ಚಳಿಗಾಲದಿಂದ."

ಒಂದು ವರ್ಷಕ್ಕೂ ಹೆಚ್ಚು. ಒಂದೇ ಮನೆ, ಒಂದೇ ಊಟದ ಮೇಜು. ಬೇರೆಯವರ ದಾಖಲೆಯಲ್ಲಿ ಒಂದು ಅಂಕಿ ಹೆಚ್ಚುಕಮ್ಮಿ ಆದರೂ ಹಿಡಿಯುವ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಚೀಲ ಎತ್ತಿಕೊಂಡು ಕೆಳಗೆ ಓಡಿದೆ. ಗಂಡನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್, ಪುಣೆಗೆ ಹೊರಟಿದ್ದವರು ವಿಮಾನದಲ್ಲಿದ್ದರು.

ಮೇ ತಿಂಗಳು. ಆಟೋದೊಳಗೆ ಬಿಸಿಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ಈ ಬಿಸಿಲಿನಲ್ಲಿ ಸಕ್ಕರೆ ಕಾಯಿಲೆಯ ಮುದುಕ ಎರಡು ಗಂಟೆಯಿಂದ ಎಲ್ಲಿದ್ದಾರೆ? ಅವರಿಗೂ ಒಂದು ಫೋನಿದೆ, ದೇವರ ಗೂಡಿನ ಪಕ್ಕದಲ್ಲಿ ಚಾರ್ಜಿಗೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇರುತ್ತದೆ. ಅತ್ತೆಯನ್ನು ಫೋನಿನಲ್ಲೇ ಹಿಡಿದುಕೊಂಡೆ. ಅವರು ತುಂಡು ತುಂಡಾಗಿ ಹೇಳಿದರು. ಮೊದಲ ಸಲ ಮಾವ ನಮ್ಮ ಸೊಸೈಟಿಯ ಗೇಟಿನ ಮುಂದೆಯೇ ನಿಂತು ಇದು ಯಾವ ಕಾಲೊನಿ ಎಂದು ಕೇಳಿದ್ದರಂತೆ. ಅಂದಿನಿಂದ ಅತ್ತೆ ಒಂದು ಕೆಲಸ ಮಾಡಿದರು. ಮಾವ ಹೋಗುವ ದಾರಿಯುದ್ದಕ್ಕೂ ತಾವೇ ನಡೆದು, ದಾರಿಯಲ್ಲಿ ಕೂರುವವರನ್ನೆಲ್ಲ ಮಾತಾಡಿಸಿದರು. ಗೇಟಿನ ಕಾವಲುಗಾರ, ಇಸ್ತ್ರಿಯವನು, ಹಾಲಿನ ಬೂತಿನವನು, ಬೇವಿನ ಮರದಡಿ ಕನ್ನಡಿ ತೂಗುಹಾಕಿದ ಕ್ಷೌರದವನು, ಚಹಾದವನು, ಪಾರ್ಕಿನ ಮಾಲಿ, ಎಳನೀರಿನವನು, ಹೀಗೆ. ತಮಗೆ ಬರುವ ಎಂಟು ಹತ್ತು ಹಿಂದಿ ಪದ ಸೇರಿಸಿ, ಸಾಹಬ್ ದಾರಿ ತಪ್ಪಿದಂತೆ ಕಂಡರೆ ಫೋನ್ ಮಾಡಿ ಅಂದರು. ಒಬ್ಬೊಬ್ಬರ ನಂಬರು ಹಾಕಿಕೊಂಡರು. ಹೆಸರು ಬರೆಯಲು ಬಾರದ್ದರಿಂದ ಅವರು ಕೂರುವ ಜಾಗದ ಒಂದು ಚಿತ್ರ ತೆಗೆದು ಅಂಟಿಸಿದರು. ಮಾವ ತಡವಾದ ದಿನ ಒಂದೊಂದೇ ಚಿತ್ರ ಒತ್ತಿ ಕೇಳುತ್ತಾ ಹೋಗುವುದು: ಸಾಹಬ್ ಇಲ್ಲಿ ದಾಟಿದರೇ? ಎಲ್ಲಿಯವರೆಗೆ ದಾಟಿದ್ದಾರೆ, ಎಲ್ಲಿ ದಾಟಿಲ್ಲ ಎಂದು ಗೊತ್ತಾದರೆ ಆ ಎರಡರ ನಡುವೆ ಹೋಗಿ ಕರೆದುಕೊಂಡು ಬರುವುದು. ನಾಲ್ಕು ಸಲ ಹಾಗೆ ಕರೆದುಕೊಂಡು ಬಂದಿದ್ದರು. ನಮಗೆ ಸುಳಿವೂ ಇಲ್ಲ.

"ನಮಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಗಂಡ ಇವರನ್ನು ಮನೆಯಲ್ಲಿ ಕೂರಿಸ್ತಾನೆ. ಇವರು ಕೂತರೆ ಮುಗೀತು."

ನನಗೆ ಅಳು ಬರಬೇಕಿತ್ತು, ಬರಲಿಲ್ಲ, ಸಿಟ್ಟೇ ಬಂತು. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ನನ್ನ ಕಂಪ್ಯೂಟರಿನಲ್ಲಿ ಇಳಿಸಿಟ್ಟ ಪ್ರತಿಯಲ್ಲೂ ಭಯ್ಯಾ ಎಂಬ ಹನ್ನೊಂದು ಸಾಲು, ಹನ್ನೊಂದು ನಂಬರು, ಚಿತ್ರ ಒಂದೂ ಇಲ್ಲ. ಅದು ಎಷ್ಟು ಸರಿಯಾಗಿತ್ತೋ ಅಷ್ಟೇ ಕೆಲಸಕ್ಕೆ ಬಾರದ್ದಾಗಿತ್ತು.

ಮನೆಗೆ ಬಂದಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ಕೆಳಗಿನ ಕಾವಲುಗಾರ ಪಾರ್ಕು ಸುತ್ತಿ ಬಂದಿದ್ದ, ಮಾವ ಅಲ್ಲಿಲ್ಲ. ಅವನು ಹೊಸಬ, ಅತ್ತೆ ಆ ಬೆಳಿಗ್ಗೆಯಷ್ಟೇ ಅವನ ನಂಬರು ಹಾಕಿಕೊಂಡಿದ್ದರಂತೆ. ಪೊಲೀಸಿಗೆ ತಿಳಿಸೋಣ ಅಂದೆ. "ತಿಳಿಸುವಿಯಂತೆ. ಮೊದಲು ನನ್ನ ಭಯ್ಯಾಗಳನ್ನು ವಾಪಸ್ ಕೊಡು," ಅಂದರು.

ವಾಪಸ್ ಕೊಡುವ ದಾರಿ ಇತ್ತು. ಫೋನಿನ ಸಂಪರ್ಕ ಪಟ್ಟಿಯ ಸೆಟ್ಟಿಂಗಿನಲ್ಲಿ, ಮಾಡಿದ್ದನ್ನು ಹಿಂದೆಗೆದುಕೊಳ್ಳುವ ಒಂದು ಗುಂಡಿ ಇದೆ. ನಿನ್ನೆಗೋ ಮೊನ್ನೆಗೋ, ಮೂವತ್ತು ದಿನದೊಳಗಿನ ಯಾವ ಗಳಿಗೆಗೆ ಬೇಕಾದರೂ ಇಡೀ ಪಟ್ಟಿಯನ್ನು ಹಿಂದೆ ಸರಿಸಬಹುದು. ಆದರೆ ಹಿಂದೆ ಸರಿಯುವುದು ಇಡೀ ಪಟ್ಟಿ. ಆಮೇಲೆ ಹಾಕಿದ ಹೊಸ ನಂಬರುಗಳು ಹೊರಟುಹೋಗುತ್ತವೆ, ಕಾವಲುಗಾರನದೂ. ಮೊದಲು ಅವನ್ನು ಬರೆದುಕೊಳ್ಳಬೇಕು, ಆಮೇಲೆ ಒತ್ತಿ ಕಾಯಬೇಕು. ಪೆನ್ನಿಗಾಗಿ ಚೀಲ ತಡಕಾಡಿದೆ.

"ಎಷ್ಟು ಹೊತ್ತು ಬೇಕು?" ಅಂದರು.

"ಗೊತ್ತಿಲ್ಲ ಅತ್ತೆ, ಸ್ವಲ್ಪ ಹೊತ್ತು."

"ಇವರಿಗೆ ಅಷ್ಟು ಹೊತ್ತಿಲ್ಲ," ಎಂದು ಫೋನು ಕಿತ್ತುಕೊಂಡು, ಭಯ್ಯಾ ಒತ್ತಿ, ಮೇಲಿನ ನಂಬರಿನಿಂದ ಶುರುಮಾಡಿದರು. ಯಾರದೆಂದು ಗೊತ್ತಿಲ್ಲದೆಯೇ. ಸ್ಪೀಕರಿನಲ್ಲಿಟ್ಟು, ಆ ಕಡೆಯವನು ಹಲೋ ಅಂದ ಕೂಡಲೇ ಕಣ್ಣು ಮುಚ್ಚಿ ಕೇಳುವುದು.

"ಇಸ್ತ್ರಿಯವನು," ಅಂದರು ನನಗೆ. ಅವನಿಗೆ, "ಭಯ್ಯಾ, ಸಾಹಬ್ ಗಯಾ?" ಹತ್ತೂಕಾಲಿಗೆ ಹೋದರು ಎಂದ.

ಎರಡನೆಯದು, "ಮಾಜಿ, ಪಪೀತಾ ಚಾಹಿಯೇ?" ಪಪ್ಪಾಯಿ ಬೇಕೇ ಎಂದಾಗ ಯಾರೆಂದು ನನಗೂ ತಿಳಿಯಿತು. ಬಾಳೆಹಣ್ಣಿನ ಗಾಡಿಯವನು. ಅವನ ನಂಬರಿನ ಕೊನೆಯಲ್ಲಿ ಎರಡು ಸೊನ್ನೆ ಇದ್ದವು. ಅವನು ಸಾಹೇಬರನ್ನು ಕಂಡಿಲ್ಲ. ಮೂರನೆಯದನ್ನು ಯಾರೂ ಎತ್ತಲಿಲ್ಲ. ನಾಲ್ಕನೆಯದರಲ್ಲಿ ಹಿಂದೆ ಹಾಲಿನ ಕ್ರೇಟು ಎಳೆಯುವ ಸದ್ದು ಕೇಳಿಯೇ ಅತ್ತೆ ಗುರುತಿಸಿದರು. ಐದನೆಯವನು ಕ್ಷೌರದವನು. ಸಾಹಬ್ ಬಂದು ಕುರ್ಚಿಯಲ್ಲಿ ಕೂತರು, ಗಡ್ಡ ಮಾಡಿಸಿಕೊಳ್ಳದೆ ಎದ್ದು ಮೆಟ್ರೋ ಕಡೆ ಹೋದರು, ಹತ್ತೂವರೆಯಾಗಿತ್ತು ಅಂದ. ಆರನೆಯವನು ಎಳನೀರಿನವನು, ಮೆಟ್ರೋದ ಆ ಬದಿಯಲ್ಲಿ ಕೂರುವವನು. ಅಲ್ಲಿಗೆ ಬಂದಿಲ್ಲ ಅಂದ.

"ನಡುವೆ ಮೋಚಿ ಇದ್ದಾನೆ," ಅಂದರು ಅತ್ತೆ. ಮೋಚಿ ಅಂದರೆ ಮೆಟ್ರೋ ಮೆಟ್ಟಿಲ ಕೆಳಗೆ ಚಪ್ಪಲಿ ಹೊಲಿಯುವವನು. "ಅವನ ನಂಬರ್ ಯಾವುದೇ? ನೀಲಿ ಕೊಡೆ ಇತ್ತಲ್ಲ. ಎಲ್ಲಿ ಹಾಕಿದೆ ಕೊಡೆಯನ್ನ?"

ಭಾನುವಾರ ಅದು ನನ್ನ ಬೆರಳ ಕೆಳಗೇ ಇತ್ತು.

ಆಗ ಹೊಳೆದದ್ದು ಕರೆಗಳ ಪಟ್ಟಿ. ಮೋಚಿ ಎಂದಾದರೂ ಇವರಿಗೆ ಮಾಡಿರಬೇಕಲ್ಲ, ಯಾವ ಹೊತ್ತಿಗೆ ಯಾವ ನಂಬರೆಂದು ನೋಡಿದರೆ ಸುಳಿವು ಸಿಗಬಹುದು. ಪಟ್ಟಿ ತೆರೆದೆ. ಈಗಷ್ಟೇ ಮಾಡಿದ ಕರೆಗಳ ಕೆಳಗೆ ಇವತ್ತು ಬೆಳಿಗ್ಗೆಯವು ಇದ್ದವು. ಭಯ್ಯಾ, ಹತ್ತು ಐವತ್ತು. ಭಯ್ಯಾ, ಹನ್ನೊಂದು ಐದು. ಭಯ್ಯಾ, ಹನ್ನೊಂದು ಇಪ್ಪತ್ತೈದು. ಮೂರೂ ಬಂದ ಕರೆಗಳು, ಮೂರನ್ನೂ ಈ ಕಡೆಯಿಂದ ಕತ್ತರಿಸಲಾಗಿತ್ತು.

"ಅತ್ತೆ, ಇವನ್ನು ಯಾಕೆ ಕಟ್ ಮಾಡಿದ್ರಿ?"

"ಅವನಾ, ಬಾಳೆಹಣ್ಣಿನವನು. ಗಾಡಿ ಚಿತ್ರ ಬಂತಲ್ಲ. ಹಣ್ಣು ಬಂದಿದೆ ತಗೊಳ್ಳಿ ಅಂತ ದಿನಾ ತಲೆ ತಿಂತಾನೆ. ಇವರು ಬಂದಿಲ್ಲ ಅಂತ ನಾನು ಕಾಯ್ತಿದ್ದರೆ..."

ನಾನು ಆ ಕರೆಯ ವಿವರ ಒತ್ತಿ ನಂಬರು ನೋಡಿದೆ. ಕೊನೆಯಲ್ಲಿ ಎರಡು ಸೊನ್ನೆ ಇರಲಿಲ್ಲ.

ಹನ್ನೊಂದು ಜನರಲ್ಲಿ ಯಾರು ಫೋನ್ ಮಾಡಿದರೂ ಈಗ ಒಂದೇ ಹೆಸರು, ಒಂದೇ ಗಾಡಿಯ ಚಿತ್ರ ಬರುತ್ತಿತ್ತು. ಹಾಗೆ ಮಾಡಿದವಳು ನಾನು. ಮಾವನನ್ನು ಕಂಡವನೊಬ್ಬ ಮೂರು ಸಲ ಕೂಗಿ ಹೇಳಲು ನೋಡಿದ್ದ, ನಾನು ಅವನ ಮುಖಕ್ಕೆ ಬಾಳೆಹಣ್ಣಿನ ಗಾಡಿ ಅಡ್ಡ ಇಟ್ಟಿದ್ದೆ. ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆ ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಆ ನಂಬರಿಗೆ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಆ ಹೊತ್ತಿಗೆ ಗಂಟೆ ಒಂದಕ್ಕೆ ಹತ್ತು ನಿಮಿಷ. ಮೂರನೆಯ ಸಲ ಎತ್ತಿದ, ಮೋಚಿಯೇ. ಹಿಂದೆ ಲಾರಿಗಳ ಸದ್ದು.

"ಫೋನ್ ಕ್ಯೋಂ ಕಾಟ್ ದಿಯಾ ಮಾಜಿ?" ಅಂದ. ಸಿಟ್ಟಿನಲ್ಲಿದ್ದ, ಏದುಸಿರು ಬಿಡುತ್ತಿದ್ದ. ಫೋನ್ ಯಾಕೆ ಕತ್ತರಿಸಿದಿರಿ ಎಂದು ಕೇಳಿ, ನಡೆದದ್ದನ್ನು ಹೇಳಿದ. ಸಾಹಬ್ ಅವನ ಹತ್ತಿರ ಬಂದು ಕೂತು, ಸೈನ್ಯದ ತುಕಡಿಯ ಟ್ರಕ್ಕು ಎಷ್ಟು ಹೊತ್ತಿಗೆ ಎಂದು ಕೇಳಿದ್ದರು. ಅವನು ಚಹಾ ಕೊಟ್ಟು ಕೂರಿಸಿಕೊಂಡು ಫೋನ್ ಮಾಡಿದ್ದ. ಮೂರನೆಯ ಸಲವೂ ಕತ್ತರಿಸಿದಾಗ ಸಾಹಬ್ ಎದ್ದು, ಟ್ರಕ್ಕು ಬರುವುದಿಲ್ಲ, ನಡೆದೇ ಹೋಗುತ್ತೇನೆ ಎಂದು ನೋಯ್ಡಾ ಕಡೆಯ ದೊಡ್ಡ ರಸ್ತೆ ಹಿಡಿದರು. ಹಿಡಿದು ನಿಲ್ಲಿಸಲು ಹೋದರೆ ಕೈ ಎತ್ತಿದರು. ಒಂದಷ್ಟು ದೂರ ಹೋಗಿ ಮೋರಿಯ ಕಟ್ಟೆಯ ಮೇಲೆ ಕೂರುವುದು, ಮತ್ತೆ ಎದ್ದು ನಡೆಯುವುದು. ಅವನು ತನ್ನ ಪೆಟ್ಟಿಗೆ ಮುಚ್ಚಿ ಹಿಂದೆಯೇ ಬರುತ್ತಿದ್ದ.

ಆಟೋದಲ್ಲಿ ಹೋಗುವಾಗ ಅತ್ತೆ ಫೋನು ಕಿವಿಯಿಂದ ತೆಗೆಯಲಿಲ್ಲ. ಅವನು ಏನೂ ಮಾತಾಡುತ್ತಿರಲಿಲ್ಲ, ಇವರೂ ಮಾತಾಡುತ್ತಿರಲಿಲ್ಲ. ಸಂಪರ್ಕ ತಪ್ಪಬಾರದು, ಅಷ್ಟೇ. ನಾನು ದೇವರನ್ನು ಬೇಡುವವಳಲ್ಲ, ಅವತ್ತು ಬೇಡಿಕೊಂಡೆ.

ಸೇತುವೆಯ ಇಳಿಜಾರಿನಲ್ಲಿ ಕಂಡರು. ಮಾವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತಲೆ ನೆಟ್ಟಗೆ, ಕೈ ಬೀಸಿ, ಲಾರಿಗಳಿಗೆ ಒಂದು ಗೇಣು ದೂರದಲ್ಲಿ ನಡೆಯುತ್ತಿದ್ದರು. ಹಿಂದಿನಿಂದ ಐವತ್ತರ ಒಬ್ಬ ತೆಳ್ಳನೆಯ ಮನುಷ್ಯ ತನ್ನ ಅಂಗಡಿಯ ದೊಡ್ಡ ನೀಲಿ ಕೊಡೆಯನ್ನು ಎರಡು ಕೈಯಲ್ಲಿ ಎತ್ತಿ ಅವರ ತಲೆಯ ಮೇಲೆ ಹಿಡಿದುಕೊಂಡು ಓಡೋಡಿ ಬರುತ್ತಿದ್ದ. ಅವನ ತಲೆ ಬಿಸಿಲಿನಲ್ಲಿತ್ತು.

ಅತ್ತೆ ಆಟೋ ನಿಲ್ಲುವ ಮೊದಲೇ ಇಳಿದರು. ಕೂಗಲಿಲ್ಲ, ಕೈ ಹಿಡಿಯಲಿಲ್ಲ. ಮಾವನ ಪಕ್ಕಕ್ಕೆ ಸೇರಿ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಒಂದಿಪ್ಪತ್ತು ಮಾರು ನಡೆದರು. ಆಮೇಲೆ, "ಊಟದ ಹೊತ್ತಾಯಿತು, ನಡೀರಿ," ಅಂದರು. ಮಾವ ನಿಂತರು. "ಹೌದಲ್ಲ," ಅಂದರು. ನಾನು ಆಟೋದ ಕಂಬಿ ಹಿಡಿದು ಅತ್ತುಬಿಟ್ಟೆ, ರಸ್ತೆಯಲ್ಲಿ, ಎಲ್ಲರ ಮುಂದೆ. ಆ ಮನುಷ್ಯನಿಗೆ ಕೈ ಮುಗಿದೆ. ಅವನು ಕೊಡೆ ಮಡಚುತ್ತಾ, ಇನ್ನೊಂದು ಸಲ ಫೋನ್ ಎತ್ತಿ ಅಂದ. ಅಷ್ಟೇ ಅಂದ.

ಸಂಜೆ ಡಾಕ್ಟರು ಬಂದು ಹೋದರು, ಮಾವ ಸ್ನಾನ ಮಾಡಿ ಮಲಗಿ ಎದ್ದರು. ನಾನು ಗಂಡನಿಗೆ ಎಲ್ಲ ಹೇಳಿದೆ. ರಾತ್ರಿಯೇ ಹೊರಟು ಬರುತ್ತೇನೆ ಅಂದರು. ಮಾವನನ್ನು ಮನೆಯಲ್ಲಿ ಕೂರಿಸಕೂಡದು ಎಂದು ನಾನೇ ಅತ್ತೆಯ ಪರವಾಗಿ ವಾದಿಸಿದೆ.

ಆಮೇಲೆ ಅತ್ತೆಯ ಫೋನು ಹಿಡಿದು ಕೂತೆ. ಭಾನುವಾರದ ನಂತರ ಹಾಕಿದ ಎರಡು ನಂಬರುಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡು, ಭಾನುವಾರ ಬೆಳಿಗ್ಗೆಗೆ ಪಟ್ಟಿಯನ್ನು ಹಿಂದೆ ಸರಿಸಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಚಹಾ ಮಾಡಿಕೊಂಡು ಬಂದು ನೋಡಿದರೆ ಭಯ್ಯಾಗಳು ಬೇರೆ ಬೇರೆಯಾಗಿ ಸಾಲು ನಿಂತಿದ್ದರು. ಗೇಟು, ಕತ್ತರಿ, ಕೊಡೆ. ನನ್ನ ಗಂಡ ಮತ್ತೆ ನಾಲ್ಕು ಜನ ಆಗಿದ್ದರು. ಅವರನ್ನು ಆಮೇಲೆ ನೋಡಿದರಾಯಿತು ಅಂದುಕೊಂಡೆ. ಕೀಲಿಮಣೆಗೆ ಕನ್ನಡ ಸೇರಿಸಿ, "ಅತ್ತೆ, ಒಬ್ಬೊಬ್ಬರ ಹೆಸರು ಹೇಳಿ, ಸರಿಯಾಗಿ ತುಂಬಿಸ್ತೀನಿ," ಅಂದೆ.

ಅತ್ತೆ ತಲೆ ಆಡಿಸಿದರು. "ಹೆಸರು ನಾನೆಲ್ಲಿ ಕೇಳಿದೆ. ಭಯ್ಯಾ ಅಂದರೆ ಸಾಕಾಗ್ತಿತ್ತು."

ಸೋಫಾದಲ್ಲಿದ್ದ ಮಾವ ಕೈ ಚಾಚಿದರು. "ಕೊಡು ಇಲ್ಲಿ." ಕನ್ನಡಕ ಏರಿಸಿ ಕತ್ತರಿಯ ಚಿತ್ರ ನೋಡಿ ಒಂದು ಹೆಸರು ಹೇಳಿದರು, ಊರು ಬುಲಂದ್‌ಶಹರ್, ಇಬ್ಬರು ಹೆಣ್ಣುಮಕ್ಕಳು. ಗೇಟು ನೋಡಿ ಒಂದು ಹೆಸರು, ಊರು ಎಟಾ. ಹಾಲಿನ ಬೂತಿನವನ ಹೆಸರು, ಅವನ ತಮ್ಮ ಸೈನ್ಯದಲ್ಲಿದ್ದಾನೆ. ನಾನು ಬರೆಯುತ್ತಾ ಹೋದೆ, ಬೆರಳು ಸಾಲದಾಯಿತು. ಹನ್ನೊಂದು ಜನ, ಹನ್ನೊಂದು ಹೆಸರು, ಒಂದು ಕಡೆಯೂ ತಡವರಿಸಲಿಲ್ಲ. ದಾರಿಯನ್ನು ಮರೆತವರು ದಾರಿಯಲ್ಲಿದ್ದವರನ್ನು ಮರೆತಿರಲಿಲ್ಲ. ಕೊಡೆಯ ಚಿತ್ರ ಬಂದಾಗ, "ಒಳ್ಳೆಯ ಮನುಷ್ಯ, ಕಾಲು ನೋವಿದೆ ಪಾಪ," ಅಂದರು. ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ನನಗೂ ಎಷ್ಟೋ ಹೊತ್ತಿನ ಮೇಲೆ ಎದೆ ಹಗುರಾಯಿತು.

ಪಟ್ಟಿ ಮುಗಿಯಿತು. ಮಾವ ಕೆಲಸ ಮುಗಿಸಿದ ತೃಪ್ತಿಯಲ್ಲಿ ಕನ್ನಡಕ ತೆಗೆದು, ಫೋನು ವಾಪಸ್ ಕೊಡುತ್ತಾ ನನ್ನ ಮುಖ ನೋಡಿದರು. ಮದುವೆಯಾಗಿ ಬಂದ ದಿನದಿಂದ ನನ್ನನ್ನು ನೀನು ಎಂದು ಏಕವಚನದಲ್ಲಿ ಕರೆದು, ಬೈದು, ಅಣಕಿಸಿ ಬೆಳೆಸಿದವರು. ನೋಡುತ್ತಾ ನೋಡುತ್ತಾ ಬೆನ್ನು ನೇರ ಮಾಡಿ ಕೂತರು, ಹೊರಗಿನವರ ಮುಂದೆ ಕೂರುವ ಹಾಗೆ.

"ಬಹಳ ಸಹಾಯ ಮಾಡಿದಿರಿ ನೀವು," ಅಂದರು. "ನಿಮ್ಮ ಹೆಸರೂ ಬರೆದುಕೊಳ್ಳೋಣ. ಏನು ಅಂತ ಬರೆಯೋಣ?"

ಅತ್ತೆಯ ನಗು ನಿಂತುಹೋಯಿತು. ನಾನು ನನ್ನ ಹೆಸರು ಹೇಳಿದೆ. ಅವರು ಇನ್ನೊಮ್ಮೆ ಹೇಳಿ ಅಂದರು. ಇನ್ನೊಮ್ಮೆ, ನಿಧಾನವಾಗಿ, ಅಕ್ಷರ ಬಿಡಿಸಿ ಹೇಳಿದೆ.